ಶಾಲೆಗೆ ಒಂದು ಫೋನು, ಮನೆಗೆ ಒಂದು ಹಾಳೆ

ಭದ್ರಾ ನಾಲೆಗೆ ನೀರು ಬಿಡುವ ಹೊತ್ತಿಗೆ ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ ಎರಡು ಮಾತು ಒಟ್ಟಿಗೇ ಶುರುವಾಗುತ್ತವೆ. ಬೇಸಿಗೆ ಭತ್ತದ ನಾಟಿಗೆ ಆಳು ಸಿಗುತ್ತಾರಾ ಅನ್ನುವುದು ಒಂದು. ಮಗುವನ್ನು ಯಾವ ಶಾಲೆಗೆ ಹಾಕೋದು ಅನ್ನುವುದು ಇನ್ನೊಂದು. ಭಾನುವಳ್ಳಿಯಂಥ ಊರಿನ ಒಂದು ಮನೆ, ಸಂಜೆ ಹೊತ್ತು. ಪಡಸಾಲೆಯಲ್ಲಿ ಫೋನಿನ ಸ್ಪೀಕರ್ ಹಾಕಿಕೊಂಡು ಅಪ್ಪ ಹರಿಹರದ ಶಾಲೆಯೊಂದರ ಆಫೀಸಿಗೆ ಮಾತಾಡುತ್ತಿದ್ದಾನೆ. ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಕೇಳಿಸಿಕೊಳ್ಳುತ್ತಿದ್ದಾರೆ. ಕರೆ ಮುಗಿದ ಮೇಲೆ ಅಜ್ಜಿಗೆ ನೆನಪಿರುವುದು "ಸೀಟು ಇದಾವಂತೆ" ಎಂಬುದು. ಚಿಕ್ಕಪ್ಪನಿಗೆ ಇಪ್ಪತ್ನಾಲ್ಕು ಸಾವಿರ. ತಾಯಿಗೆ "ವಯಸ್ಸು ಸಾಲಲ್ಲ" ಅಂದದ್ದು. ಮದುವೆ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಯಾರೋ ಬರೆದುಕೊಂಡದ್ದು ಇಷ್ಟೇ: '24, ಬಸ್ 900, ಬೇಗ.'

ವಾರ ಕಳೆದ ಮೇಲೆ ಆ ಲಗ್ನಪತ್ರಿಕೆ ನೋಡಿದರೆ ಯಾವ ಶಾಲೆಯದು ಅನ್ನುವುದೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ದಾವಣಗೆರೆಯ ಇನ್ನೆರಡು ಶಾಲೆಗಳಿಗೂ ಫೋನಾಗಿರುತ್ತದೆ. ಕೊನೆಗೆ ತೀರ್ಮಾನವಾಗುವುದು "ನಮ್ಮ ಅತ್ತಿಗೆ ಮಕ್ಕಳು ಅಲ್ಲೇ ಓದ್ತಾರೆ" ಎಂಬ ಆಧಾರದ ಮೇಲೆ. ಹಾಗೆ ತೀರ್ಮಾನಿಸುವುದು ತಪ್ಪಲ್ಲ. ಆದರೆ ಕೈಯಲ್ಲಿದ್ದ ಮಾಹಿತಿ ವ್ಯರ್ಥವಾಯಿತು. ಮೂರು ನಿಮಿಷದ ಆ ಕರೆಯನ್ನು ಮನೆಯವರೆಲ್ಲ ಓದಬಹುದಾದ ಒಂದೇ ಹಾಳೆಗೆ ಇಳಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕರೆ ಹೀಗಿರುತ್ತದೆ

ಕೆಳಗಿನದು ಯಾವುದೇ ಒಂದು ಶಾಲೆಯ ಕರೆಯಲ್ಲ. ಇಂಥ ಕರೆಗಳು ಸಾಮಾನ್ಯವಾಗಿ ಹೇಗಿರುತ್ತವೋ ಹಾಗೆ ಹೊಂದಿಸಿದ ಮಾದರಿ. ಮೊತ್ತಗಳೂ ಲೆಕ್ಕ ತೋರಿಸಲು ಇಟ್ಟವು. ಕಾಲ ಮಾತ್ರ ನಿಜವಾದದ್ದು: 2025ರ ಜನವರಿ. ಆ ವರ್ಷವನ್ನೇ ಏಕೆ ಆರಿಸಿಕೊಂಡೆ ಎಂಬುದು ಮುಂದೆ ತಿಳಿಯುತ್ತದೆ.

"ಹಲೋ, ಸ್ಕೂಲ್ ಆಫೀಸಾ ಮೇಡಂ? ನಾವು ಭಾನುವಳ್ಳಿಯಿಂದ ರೀ. ಒಂದನೇ ಕ್ಲಾಸಿಗೆ ಸೀಟು ಅದಾವೇನ್ರೀ?"

"ಇದಾವೆ ಸಾರ್. ಪಾಪು ಹುಟ್ಟಿದ್ದು ಯಾವಾಗ?"

"ಹತ್ತೊಂಬತ್ತನೇ ಇಸ್ವಿ, ಜುಲೈ ಹದಿನಾಲ್ಕು."

"ಈ ವರ್ಷದಿಂದ ಜೂನ್ ಒಂದಕ್ಕೆ ಆರು ತುಂಬಿರಬೇಕು ಸಾರ್. ಆಗಲ್ಲ ಅನ್ಸುತ್ತೆ. ಆದ್ರೂ ಬಂದು ಅರ್ಜಿ ಹಾಕಿ ಹೋಗ್ರೀ, ನೋಡೋಣ."

"ಫೀಸ್ ಎಷ್ಟಾಗುತ್ರೀ?"

"ಇಪ್ಪತ್ನಾಲ್ಕು ಸಾವಿರ, ಮೂರು ಕಂತು ಮಾಡ್ಕೊಡ್ತೀವಿ. ಬಸ್ಸಿಗೆ ತಿಂಗಳಿಗೆ ಒಂಬೈನೂರು. ಬುಕ್ಸು, ಯೂನಿಫಾರ್ಮ್ ಬೇರೆ. ಬಿಲ್ಡಿಂಗ್ ಫಂಡ್ ಅಂತ ಎಂಟು ಸಾವಿರ ಇದೆ, ಅದನ್ನ ಬಂದಾಗ ಸರ್ ಹತ್ರ ಮಾತಾಡ್ರೀ."

"ಅಡ್ಮಿಷನ್ ಯಾವಾಗ್ರೀ?"

"ಆಗ್ಲೇ ನಡೀತಾ ಇದೆ. ಬೇಗ ಬಂದಷ್ಟೂ ಒಳ್ಳೇದು. ಪಾಪುನೂ ಕರ್ಕೊಂಡು ಬರ್ರೀ, ಸಣ್ಣ ಟೆಸ್ಟ್ ಇರುತ್ತೆ. ಬರ್ತ್ ಸರ್ಟಿಫಿಕೇಟು, ಆಧಾರು, ಕ್ಯಾಸ್ಟು-ಇನ್‌ಕಮ್ಮು, ಫೋಟೋ ತಗೊಂಡು ಬಂದ್ಬಿಡ್ರೀ."

ಮೇಡಂ ಎಲ್ಲವನ್ನೂ ಹೇಳಿದ್ದಾರೆ ಅನ್ನಿಸುತ್ತದೆ. ಬರೆಯಲು ಕೂತಾಗ ಗೊತ್ತಾಗುತ್ತದೆ, ಇದರಲ್ಲಿ ಪೂರ್ತಿಯಾದ ಉತ್ತರ ಒಂದೂ ಇಲ್ಲ.

ಒಂದೇ ದನಿ, ಮೂವರ ಮಾತು

ಹಾಳೆಯ ಮೇಲೆ ಅರ್ಹತೆ, ಫೀಸು, ತಾರೀಕು, ಕಾಗದಪತ್ರ ಎಂದು ನಾಲ್ಕು ತಲೆಬರಹ ಹಾಕುವುದು ಸುಲಭ. ಹಾಳೆಯ ಬೆಲೆ ನಿಲ್ಲುವುದು ಇನ್ನೊಂದರ ಮೇಲೆ. ಆಫೀಸಿನ ಮೇಡಂ ಬಾಯಲ್ಲಿ ಬರುವ ಪ್ರತಿ ವಾಕ್ಯದ ಹಿಂದೆ ಮೂವರಲ್ಲಿ ಒಬ್ಬರು ಇರುತ್ತಾರೆ. "ಜೂನ್ ಒಂದಕ್ಕೆ ಆರು ತುಂಬಿರಬೇಕು" ಎಂಬುದು ಸರ್ಕಾರದ ಮಾತು. "ಮೂರು ಕಂತು" ಎಂಬುದು ಶಾಲೆಯ ಆಡಳಿತ ಮಂಡಳಿಯ ಮಾತು. "ಆಗಲ್ಲ ಅನ್ಸುತ್ತೆ, ನೋಡೋಣ" ಎಂಬುದು ಆ ಹೊತ್ತಿಗೆ ಕುರ್ಚಿಯಲ್ಲಿ ಕೂತಿರುವ ಮೇಡಂ ಅವರ ಸ್ವಂತ ಅಂದಾಜು.

ಮೂರಕ್ಕೂ ತೂಕ ಬೇರೆ. ಸರ್ಕಾರದ ನಿಯಮವನ್ನು ಶಾಲೆ ಬದಲಿಸಲಾರದು. ಆದರೆ ಸರ್ಕಾರವೇ ಬದಲಿಸಬಹುದು. ಶಾಲೆಯ ನಿಯಮವನ್ನು ಮುಖ್ಯಸ್ಥರ ಹತ್ತಿರ ಕೂತು ಮಾತಾಡಿ ಸ್ವಲ್ಪ ಸಡಿಲಿಸಿಕೊಳ್ಳಬಹುದು. ಅಂದಾಜಿನ ಮಾತನ್ನು ನಂಬಿ ಒಂದು ರೂಪಾಯಿಯನ್ನೂ ಕಟ್ಟಬಾರದು. ಹಾಗಾಗಿ ಹಾಳೆಯ ಅಂಚಿನಲ್ಲಿ ಪ್ರತಿ ಸಾಲಿನ ಮುಂದೆ 'ಸ', 'ಶಾ', 'ಮಾ' ಎಂದು ಒಂದು ಗುರುತು ಹಾಕಿ: ಸರ್ಕಾರದ್ದು, ಶಾಲೆಯದು, ಬರೀ ಮಾತಿನದು. ಕೇಳದೇ ಉಳಿದದ್ದಕ್ಕೆ ಜಾಗ ಬಿಟ್ಟು 'ಕೇಳಬೇಕು' ಎಂದು ಬರೆಯಿರಿ. ಖಾಲಿ ಜಾಗ ಕಣ್ಣಿಗೆ ಬೀಳಬೇಕು. ಅದನ್ನು ಊಹೆಯಿಂದ ತುಂಬಿಬಿಟ್ಟರೆ ಮನೆಯವರಿಗೆ ಅದು ಊಹೆ ಎಂದು ಗೊತ್ತಾಗುವ ದಾರಿಯೇ ಇರುವುದಿಲ್ಲ.

ಹಾಳೆಯ ನೆತ್ತಿಯ ಮೇಲೆ ಇನ್ನೂ ಮೂರು ಸಂಗತಿ ಇರಬೇಕು: ಶಾಲೆಯ ಹೆಸರು, ಫೋನ್ ಮಾಡಿದ ತಾರೀಕು, ಮಾತಾಡಿದವರ ಹುದ್ದೆ. ತಾರೀಕು ಬರೆಯುವುದು ಬರೀ ಶಿಸ್ತಿನ ಮಾತು ಅನ್ನಿಸಬಹುದು. 2025ರಲ್ಲಿ ಅದು ಒಂದು ವರ್ಷದ ಪ್ರಶ್ನೆಯಾಯಿತು.

ಆರು ವರ್ಷದ ಕಥೆ

ರಾಜ್ಯದಲ್ಲಿ ಬಹಳ ಮಕ್ಕಳು 5 ವರ್ಷ 5 ತಿಂಗಳಿಗೇ ಒಂದನೇ ತರಗತಿಗೆ ಸೇರುತ್ತಿದ್ದರು. 2022ರ ಜುಲೈನಲ್ಲಿ ಸರ್ಕಾರ ಆದೇಶ ಹೊರಡಿಸಿ, ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಪೋಷಕರು ಗಾಬರಿಯಾದರು. ಅದೇ ವರ್ಷದ ಕೊನೆಯ ಹೊತ್ತಿಗೆ ನಿಯಮದ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಹೀಗಾಗಿ 2025ರ ಜನವರಿಯಲ್ಲಿ ನಮ್ಮ ಮಾದರಿ ಕರೆಯ ಮೇಡಂ ಹೇಳಿದ್ದು ಅಂದಿನ ಮಟ್ಟಿಗೆ ಸರಿಯೇ.

ಲೆಕ್ಕ ಮಾಡೋಣ. ಮಗು ಹುಟ್ಟಿದ್ದು 14-7-2019. 2025ರ ಮೇ 14ಕ್ಕೆ 5 ವರ್ಷ 10 ತಿಂಗಳು. ಅಲ್ಲಿಂದ ಜೂನ್ 1ಕ್ಕೆ ಇನ್ನು 18 ದಿನ. ಅಂದರೆ 5 ವರ್ಷ 10 ತಿಂಗಳು 18 ದಿನ. ಆರು ತುಂಬಲು 43 ದಿನ ಕಡಿಮೆ. ಹಾಳೆಯಲ್ಲಿ "ವಯಸ್ಸು ಸಾಲಲ್ಲ" ಎಂದು ಬರೆದು ಬಿಡಬಾರದು. ಈ ಲೆಕ್ಕವನ್ನೇ ಬರೆಯಬೇಕು. ಏಕೆಂದರೆ 2025ರ ಏಪ್ರಿಲ್ ಮಧ್ಯದಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು 2025-26ನೇ ಸಾಲಿಗೆ ಮಾತ್ರ ಸಡಿಲಿಕೆ ಪ್ರಕಟಿಸಿದರು. ಯುಕೆಜಿ ಮುಗಿಸಿದ ಮಗುವಿಗೆ ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದ್ದರೆ ಸಾಕು, 2026-27ರಿಂದ ಮಾತ್ರ 6 ವರ್ಷ ಕಡ್ಡಾಯ ಎಂದರು.

ಜೂನ್ 1ಕ್ಕೆ ನಮ್ಮ ಮಗು ಆ ಮಿತಿ ದಾಟಿ ಐದು ತಿಂಗಳ ಮೇಲಾಗುತ್ತಿತ್ತು. ಜನವರಿಯಲ್ಲಿ ಮುಚ್ಚಿದ್ದ ಬಾಗಿಲು ಏಪ್ರಿಲ್‌ನಲ್ಲಿ ತೆರೆಯಿತು. "ವಯಸ್ಸು ಸಾಲಲ್ಲ" ಎಂದಷ್ಟೇ ಬರೆದುಕೊಂಡ ಮನೆಯವರು ಆ ಸುದ್ದಿ ಓದಿದರೂ ಅದು ತಮಗೆ ಸಂಬಂಧಿಸಿದ್ದು ಎಂದು ಥಟ್ಟನೆ ಹೊಳೆಯುವುದಿಲ್ಲ. "ಜನವರಿಯಲ್ಲಿ ಕೇಳಿದ ನಿಯಮ ಇದು, ನಮ್ಮ ಮಗುವಿಗೆ ಕಡಿಮೆ ಬಿದ್ದದ್ದು 43 ದಿನ" ಎಂದು ಬರೆದಿಟ್ಟವರು ಅದೇ ದಿನ ಶಾಲೆಗೆ ಮತ್ತೆ ಫೋನ್ ಮಾಡುತ್ತಾರೆ. ವಯಸ್ಸಿನ ಸಾಲಿನ ಮುಂದೆ 'ಸ' ಎಂಬ ಗುರುತು ಇರಬೇಕಾದ್ದು ಇದಕ್ಕೇ. ಸರ್ಕಾರದ ನಿಯಮವೆಂದರೆ ಪತ್ರಿಕೆಯ ಮೇಲೆ ಕಣ್ಣಿಡಬೇಕಾದ ಸಾಲು ಎಂದರ್ಥ.

ಸಡಿಲಿಕೆಗೂ ಒಂದು ಷರತ್ತಿತ್ತು, ಯುಕೆಜಿ ಮುಗಿಸಿರಬೇಕು ಎಂಬುದು. ಅದು ಅರ್ಹತೆಯ ಕೆಳಗೆ ಬಂದರೂ ಕೆಲಸ ಹುಟ್ಟುವುದು ಕಾಗದಪತ್ರದ ಕೆಳಗೆ. ಹಳೆಯ ಶಾಲೆಯಿಂದ ಅದಕ್ಕೆ ದಾಖಲೆ ತರಬೇಕು. ಹಾಳೆ ಬರೆಯುವವರು ಇಂಥ ಕೊಂಡಿಗಳನ್ನು ಹಿಡಿಯಬೇಕು.

ವಯಸ್ಸು ಸಾಲದಿದ್ದರೂ "ಏನೂ ಆಗಲ್ಲ, ಸೇರಿಸ್ಕೊಳ್ತೀವಿ" ಎನ್ನುವ ಶಾಲೆಗಳೂ ಇರುತ್ತವೆ. ಹಾಗೆ ಹೇಳಿದರೆ ಒಂದೇ ಪ್ರಶ್ನೆ ಸಾಕು: ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಒಂದನೇ ತರಗತಿಗೇ ಏರುತ್ತದಾ? ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಕೊಟ್ಟು ಶಾಲೆಯಿಂದ ಶಾಲೆಗೆ ಹಿಂಬಾಲಿಸುವ ಶಿಕ್ಷಣ ಇಲಾಖೆಯ ದಾಖಲೆ ಅದು. ಅಲ್ಲಿ ಏರದಿದ್ದರೆ ಮಗು ಒಂದನೇ ತರಗತಿಯ ಬೆಂಚಿನ ಮೇಲೆ ಕೂತಿದ್ದರೂ ಕಾಗದದ ಮೇಲೆ ಒಂದನೇ ತರಗತಿಯಲ್ಲಿ ಇಲ್ಲ. ಟಿ.ಸಿ. ಕೇಳುವ ದಿನ ಅದು ಹೊರಗೆ ಬರುತ್ತದೆ.

"ಆರ್‌ಟಿಇ ಸೀಟು ಐತೇನ್ರೀ?"

ಬಹಳ ಮನೆಗಳಲ್ಲಿ ಇನ್ನೂ ಈ ಪ್ರಶ್ನೆ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶ ಹಂತದ ಕಾಲುಭಾಗ ಸೀಟನ್ನು ಹಿಂದುಳಿದ, ಬಡ ಮಕ್ಕಳಿಗೆ ಬಿಡಬೇಕಿತ್ತು. ಫೀಸನ್ನು ಸರ್ಕಾರ ತುಂಬುತ್ತಿತ್ತು. ಕರ್ನಾಟಕದಲ್ಲಿ 2012ರಿಂದ ಇದು ಜೋರಾಗಿಯೇ ನಡೆಯಿತು. 2019ರಲ್ಲಿ ರಾಜ್ಯದ ನಿಯಮ ತಿದ್ದುಪಡಿಯಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಹಳ್ಳಿಯಾದರೆ ಹಳ್ಳಿಯೇ ನೆರೆಹೊರೆ, ನಗರವಾದರೆ ವಾರ್ಡು. ಸರ್ಕಾರಿ ಶಾಲೆ ಇಲ್ಲದ ಹಳ್ಳಿ, ವಾರ್ಡು ಎಷ್ಟಿವೆ? ಹೀಗಾಗಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. "ಆರ್‌ಟಿಇಲಿ ಮಾಡಿಸ್ಕೊಡ್ತೀನಿ" ಎಂದು ಯಾರಾದರೂ ದುಡ್ಡು ಕೇಳಿದರೆ ಹಾಳೆಯಲ್ಲಿ ಆ ಸಾಲನ್ನು ಹೊಡೆದುಹಾಕಿ.

ಅದೇ ಕಾಯ್ದೆಯ ಇನ್ನೊಂದು ಕಲಂ ಮಾತ್ರ ಗಟ್ಟಿಯಾಗಿ ನಿಂತಿದೆ. ನಮ್ಮ ಕರೆಯಲ್ಲಿ "ಸಣ್ಣ ಟೆಸ್ಟ್ ಇರುತ್ತೆ" ಎಂದರಲ್ಲ, 13ನೇ ಕಲಂ ಅದನ್ನು ನಿಷೇಧಿಸುತ್ತದೆ. ಸೀಟು ಕೊಡಲು ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಮತ್ತೆ ಮಾಡಿದರೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡ ಹಾಕಬಹುದು. ಹಾಗಂತ ಫೋನಿನಲ್ಲೇ ಕಾಯ್ದೆ ಓದಿ ಜಗಳ ಕಾಯಬೇಕಿಲ್ಲ. ಹಾಳೆಯಲ್ಲಿ ಹೀಗೆ ಬರೆಯಿರಿ: "ಟೆಸ್ಟ್ ಅಂದರು. ಮಗು ಎಷ್ಟು ಕಲಿತಿದೆ ಎಂದು ನೋಡಲಿಕ್ಕೋ, ಸೀಟು ಕೊಡಬೇಕೋ ಬೇಡವೋ ಎಂದೋ? ಕೇಳಬೇಕು." ಮಗುವಿಗೆ ಮನೆಯಲ್ಲಿ ತಿಂಗಳುಗಟ್ಟಲೆ ಎ-ಬಿ-ಸಿ-ಡಿ ಉರು ಹೊಡೆಸುವುದಂತೂ ತಪ್ಪುತ್ತದೆ.

ಇಪ್ಪತ್ನಾಲ್ಕು ಸಾವಿರ ಅಂದರೆ ಎಷ್ಟು?

ಚಿಕ್ಕಪ್ಪನ ತಲೆಯಲ್ಲಿ ಉಳಿದ ಇಪ್ಪತ್ನಾಲ್ಕು ಸಾವಿರ ಬೋಧನಾ ಶುಲ್ಕ ಮಾತ್ರ. ಮತ್ತೆ ಫೋನ್ ಮಾಡಿ ಒಂದೊಂದನ್ನೇ ಬಿಡಿಸಿ ಕೇಳಿದಾಗ ನಮ್ಮ ಮಾದರಿ ಶಾಲೆಯಲ್ಲಿ ಹೀಗಾಯಿತು ಎನ್ನೋಣ: ಅರ್ಜಿ ನಮೂನೆಗೆ 300, ಒಂದೇ ಸಲ ಕಟ್ಟುವ ಪ್ರವೇಶ ಶುಲ್ಕ 5,000, ಬೋಧನಾ ಶುಲ್ಕ 24,000, ಪುಸ್ತಕ-ನೋಟ್‌ಬುಕ್ಕಿಗೆ 4,200, ಎರಡು ಜೊತೆ ಯೂನಿಫಾರ್ಮು ಮತ್ತು ಶೂಗೆ 3,500, ಬಸ್ಸಿಗೆ ತಿಂಗಳಿಗೆ 900ರಂತೆ ಹತ್ತು ತಿಂಗಳಿಗೆ 9,000. ಮೊದಲ ವರ್ಷದ ಮೊತ್ತ 46,000. ಹೆಚ್ಚುಕಡಿಮೆ ಎರಡು ಪಟ್ಟು!

ಬಸ್ಸಿನ ಲೆಕ್ಕದಲ್ಲಿ 'ಹತ್ತು ತಿಂಗಳು' ಎಂಬುದನ್ನು ಕೇಳಿಯೇ ಬರೆಯಬೇಕು. ಏಪ್ರಿಲ್, ಮೇ ರಜೆಗೂ ಬಸ್ ಫೀಸು ಹಿಡಿಯುವ ಕಡೆ ಅದು 10,800 ಆಗುತ್ತದೆ. ಬಸ್ಸು ಭಾನುವಳ್ಳಿಯ ಒಳಗೆ ಬರುತ್ತದೋ, ರಸ್ತೆಗೆ ಹೋಗಿ ನಿಲ್ಲಬೇಕೋ ಎಂಬುದನ್ನೂ ಅದೇ ಸಾಲಿಗೆ ಸೇರಿಸಿ. ಆರು ವರ್ಷದ ಮಗುವನ್ನು ದಿನಾ ಬಿಟ್ಟುಬರುವವರು ಯಾರು ಎಂಬುದೂ ಖರ್ಚೇ.

ಹಾಳೆಯಲ್ಲಿ ಫೀಸಿನ ಕೆಳಗೆ ಮೂರು ಮೊತ್ತ ಇರಬೇಕು. ಮೊದಲನೆಯದು ಮೊದಲ ವರ್ಷದ್ದು, 46,000. ಎರಡನೆಯದು ಮುಂದಿನ ಪ್ರತಿ ವರ್ಷದ್ದು. ಅರ್ಜಿಯ 300, ಪ್ರವೇಶದ 5,000 ಕಳೆದರೆ 40,700. ಬೋಧನಾ ಶುಲ್ಕ ವರ್ಷ ವರ್ಷ ಎಷ್ಟು ಏರಿಸುತ್ತೀರಿ ಎಂದು ಕೇಳಿದರೆ ಇದರ ಮುಂದೆ ಬರೆಯಬಹುದು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಸೇರಿಸುವ ದಿನ ಕೈಯಲ್ಲಿ ಎಷ್ಟಿರಬೇಕು? ಮೂರು ಕಂತು ಎಂದ ಕೂಡಲೇ ಎಂಟು ಸಾವಿರ ಸಾಕು ಅನ್ನಿಸುತ್ತದೆ. ಅರ್ಜಿ, ಪ್ರವೇಶ ಶುಲ್ಕ, ಮೊದಲ ಕಂತಿನ 8,000, ಪುಸ್ತಕ, ಯೂನಿಫಾರ್ಮು ಕೂಡಿದರೆ 21,000 ಆಗುತ್ತದೆ. ಮನೆಯ ಯಜಮಾನಿಕೆ ಹಿಡಿದ ಅಜ್ಜಿಗೆ ಬೇಕಾಗಿರುವುದು ಈ ಮೂರನೇ ಮೊತ್ತ. ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಬಿಲ್ಡಿಂಗ್ ಫಂಡಿನ ಎಂಟು ಸಾವಿರವನ್ನು ನಾನು ಮೇಲಿನ ಮೊತ್ತಕ್ಕೆ ಸೇರಿಸಲಿಲ್ಲ, ಬೇಕೆಂದೇ. ಶಾಲೆ ತಾನೇ ಪ್ರಕಟಿಸಿದ ಫೀಸಿನ ಹೊರಗೆ ಕೇಳುವ ಯಾವುದೇ ದೇಣಿಗೆ, ವಂತಿಗೆಯನ್ನು ಶಿಕ್ಷಣ ಹಕ್ಕು ಕಾಯ್ದೆ ಕ್ಯಾಪಿಟೇಷನ್ ಎಂದು ಕರೆಯುತ್ತದೆ. ವಸೂಲಿ ಮಾಡಿದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡವಿದೆ. ಆದ್ದರಿಂದ ಇದು 'ಶಾ' ಗುರುತಿನ ಸಾಲೋ 'ಮಾ' ಗುರುತಿನದೋ ಎಂದು ತಿಳಿಯುವ ಪ್ರಶ್ನೆ ಸರಳ: "ಮೇಡಂ, ಇದಕ್ಕೆ ರಸೀದಿ ಕೊಡ್ತೀರಾ? ಫೀಸಿನ ಪಟ್ಟಿಯಲ್ಲಿ ಇದೆಯಾ?" ಎರಡಕ್ಕೂ ಹೌದು ಎಂದರೆ ಅದು ಫೀಸು, ಮೊತ್ತಕ್ಕೆ ಸೇರಿಸಿ 54,000 ಎಂದು ಬರೆದುಕೊಳ್ಳಿ. "ಬಂದಾಗ ಮಾತಾಡೋಣ" ಎಂಬ ಉತ್ತರ ಬಂದರೆ ಆ ಉತ್ತರವನ್ನೇ ಹಾಗೇ ಬರೆದಿಡಿ. ಫೋನಿನಲ್ಲಿ ಹೇಳಲಾಗದ ಮೊತ್ತ ಎಂಥದ್ದು ಎಂದು ಮನೆಯವರೇ ಅರ್ಥಮಾಡಿಕೊಳ್ಳುತ್ತಾರೆ.

'ಬೇಗ' ಎಂಬ ತಾರೀಕು ಇಲ್ಲ

"ಆಗ್ಲೇ ನಡೀತಾ ಇದೆ, ಬೇಗ ಬನ್ನಿ" ಎಂಬುದು ಎಲ್ಲ ಆಫೀಸುಗಳ ಮಾತು. ಅದರಿಂದ ಹುಟ್ಟುವುದು ಅವಸರ ಮಾತ್ರ. ಕೇಳಬೇಕಾದ ತಾರೀಕುಗಳು ನಾಲ್ಕೇ: ಅರ್ಜಿ ಕೊಡಲು ಕೊನೆಯ ದಿನ, ಸೀಟು ಖಚಿತವೆಂದು ಹೇಳುವ ದಿನ, ದುಡ್ಡು ಕಟ್ಟಲು ಕೊನೆಯ ದಿನ, ತರಗತಿ ಶುರುವಾಗುವ ದಿನ. ಇದರ ಜೊತೆಗೆ ಒಂದು ಉಪಪ್ರಶ್ನೆ: ದುಡ್ಡು ಕಟ್ಟಿದ ಮೇಲೆ ನಾವು ಬೇಡವೆಂದರೆ ಎಷ್ಟು ವಾಪಸ್, ಯಾವ ದಿನದೊಳಗೆ? ಮೂರು ಶಾಲೆಗಳಿಗೆ ಫೋನ್ ಮಾಡುವ ಮನೆಗೆ ಇದು ಮುಖ್ಯ. ಒಂದು ಕಡೆ ಸೀಟು ಹಿಡಿದಿಟ್ಟು ಇನ್ನೊಂದು ಕಡೆಯ ಉತ್ತರಕ್ಕೆ ಕಾಯುವವರೇ ಹೆಚ್ಚು.

ತಾರೀಕುಗಳು ಸಿಕ್ಕ ಮೇಲೆ ಪಕ್ಕದಲ್ಲಿ ಮನೆಯ ಕ್ಯಾಲೆಂಡರನ್ನೂ ಇಟ್ಟು ನೋಡಬೇಕು. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ದುಡ್ಡು ಬರುವುದು ವರ್ಷಕ್ಕೆ ಎರಡು ಸಲ, ಬೇಸಿಗೆ ಬೆಳೆ ಕೊಯ್ದ ಮೇ ಹೊತ್ತಿಗೆ ಒಮ್ಮೆ, ಮುಂಗಾರು ಬೆಳೆ ಕೊಯ್ದ ನವೆಂಬರ್-ಡಿಸೆಂಬರಿನಲ್ಲಿ ಇನ್ನೊಮ್ಮೆ. ಶಾಲೆಯ ಕಂತುಗಳು ಸೇರುವಾಗ ಒಂದು, ಸೆಪ್ಟೆಂಬರಿನಲ್ಲಿ ಒಂದು, ಜನವರಿಯಲ್ಲಿ ಒಂದು ಎಂದಿದ್ದರೆ ಸೆಪ್ಟೆಂಬರಿನದು ತೊಂದರೆ ಕೊಡುತ್ತದೆ. ಆ ಹೊತ್ತಿಗೆ ಗದ್ದೆಗೆ ಗೊಬ್ಬರ, ಕಳೆ, ಔಷಧಿ ಎಂದು ದುಡ್ಡು ಹೋಗುತ್ತಿರುತ್ತದೆ, ಬರುತ್ತಿರುವುದಿಲ್ಲ. ಹಾಳೆಯಲ್ಲಿ ಆ ಕಂತಿನ ಮುಂದೆ 'ಡಿಸೆಂಬರಿಗೆ ಕೇಳಬೇಕು' ಎಂದು ಬರೆಯಿರಿ. ಕಂತು 'ಶಾ' ಗುರುತಿನ ಸಾಲು. ಸೇರಿಸುವ ಮೊದಲೇ ಕೇಳಿದರೆ ಸಿಗುವ ಸಾಧ್ಯತೆ ಇದೆ. ಸೆಪ್ಟೆಂಬರಿನಲ್ಲಿ ನೋಟಿಸು ಬಂದ ಮೇಲೆ ಕೇಳಿದರೆ ಅದು ಬಾಕಿಯಾಗಿರುತ್ತದೆ.

ಕಾಗದಪತ್ರ: ಎರಡು ಕಟ್ಟು

ಮೇಡಂ ಒಂದೇ ಉಸಿರಿಗೆ ಹೇಳಿದ ಪಟ್ಟಿಯನ್ನು ಎರಡು ಕಟ್ಟು ಮಾಡಿ. ಇಲ್ಲದಿದ್ದರೆ ಅರ್ಜಿಯೇ ತೆಗೆದುಕೊಳ್ಳದಂಥವು ಒಂದು ಕಡೆ, ಆಮೇಲೆ ಕೊಡಬಹುದಾದವು ಇನ್ನೊಂದು ಕಡೆ.

ಜನನ ಪ್ರಮಾಣಪತ್ರ ಮೊದಲ ಕಟ್ಟಿನದು. ವಯಸ್ಸಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮಗುವನ್ನು ಹೊರಗಿಡಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ನಿಜ. ಆದರೂ ಆರು ವರ್ಷದ ನಿಯಮದಲ್ಲಿ ದಿನಗಳ ಲೆಕ್ಕ ನಡೆಯುವಾಗ ಈ ಕಾಗದವಿಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಆಧಾರ್ ಎರಡನೇ ಕಟ್ಟಿನದು. ಶಾಲೆಗೆ ಸೇರಿಸಲು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದ್ದರೆ ಕೊಡಿ, ಇಲ್ಲವೆಂದು ಹಿಂದೆ ಬರಬೇಡಿ. ಜಾತಿ-ಆದಾಯ ಪ್ರಮಾಣಪತ್ರವೂ ಎರಡನೇ ಕಟ್ಟಿಗೇ. ವಿದ್ಯಾರ್ಥಿವೇತನಕ್ಕೆ ಅದು ಬೇಕೇ ಬೇಕು, ಸೀಟಿಗಲ್ಲ. ಆದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ ದಿನವೇ ಅದು ಕೈಗೆ ಬರುವುದಿಲ್ಲ. ಆದ್ದರಿಂದ ಕಟ್ಟು ಎರಡನೆಯದಾದರೂ ಕೆಲಸ ಮೊದಲು ಶುರುಮಾಡಬೇಕು.

ಜೆರಾಕ್ಸ್ ಮಾಡಿಸುವ ಮೊದಲು ಮಗುವಿನ ಹೆಸರನ್ನು ಎಲ್ಲ ಕಾಗದಗಳಲ್ಲೂ ಅಕ್ಷರ ಅಕ್ಷರ ಓದಿ ನೋಡಿ. ಇನಿಷಿಯಲ್ ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ತಂದೆಯ ಹೆಸರು ಒಂದರಲ್ಲಿ 'ಪ್ಪ' ಇದ್ದು ಇನ್ನೊಂದರಲ್ಲಿ ಇಲ್ಲ. ಇಂಗ್ಲಿಷ್ ಸ್ಪೆಲ್ಲಿಂಗು ಮೂರು ಬಗೆ. ಶಾಲೆಯ ಗುಮಾಸ್ತರು ಮೇಲಿನ ಕಾಗದದಲ್ಲಿ ಕಂಡದ್ದನ್ನು ಎಸ್‌ಎಟಿಎಸ್‌ಗೆ ಏರಿಸುತ್ತಾರೆ, ಅದೇ ಮುಂದೆ ಹತ್ತು ವರ್ಷ ನಡೆದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೇಲೆ ಅಚ್ಚಾಗುತ್ತದೆ. ಹಾಗಾಗಿ ಹಾಳೆಯ ಕೊನೆಯಲ್ಲಿ, ಅರ್ಜಿಯಲ್ಲಿ ಹೇಗೆ ಬರೆಯಬೇಕೋ ಹಾಗೆ, ಮಗುವಿನ ಹೆಸರನ್ನು ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಬರೆದಿಡಿ. ಅರ್ಜಿ ತುಂಬುವವರು ಬಹಳ ಸಲ ಅಪ್ಪ ಅಮ್ಮ ಆಗಿರುವುದಿಲ್ಲ. ಹರಿಹರದಲ್ಲಿ ಕಾಲೇಜಿಗೆ ಹೋಗುವ ಮಾವನ ಮಗನೋ, ಸೈಬರ್ ಸೆಂಟರಿನವರೋ ಆಗಿರುತ್ತಾರೆ.

ಸಿದ್ಧವಾದ ಹಾಳೆ

ನಮ್ಮ ಮಾದರಿ ಕರೆ ಹೀಗೆ ಇಳಿಯುತ್ತದೆ:

*ಶಾಲೆಯ ಹೆಸರು: ______. ಒಂದನೇ ತರಗತಿ, 2025-26. ಕರೆ: ಜನವರಿ 2025, ಆಫೀಸಿನ ಮೇಡಂ.*

*ಅರ್ಹತೆ: ಜೂನ್ 1ಕ್ಕೆ 6 ವರ್ಷ (ಸ). ನಮ್ಮ ಮಗುವಿಗೆ 5 ವರ್ಷ 10 ತಿಂಗಳು 18 ದಿನ. 43 ದಿನ ಕಡಿಮೆ. "ಅರ್ಜಿ ಹಾಕಿ, ನೋಡೋಣ" (ಮಾ). ಟೆಸ್ಟ್ ಯಾಕೆ? ಕೇಳಬೇಕು.*

*ಫೀಸು: ಮೊದಲ ವರ್ಷ 46,000, ಆಮೇಲೆ ವರ್ಷಕ್ಕೆ 40,700 (ಶಾ). ಸೇರಿಸುವ ದಿನ ಕೈಯಲ್ಲಿ 21,000. ಬಿಲ್ಡಿಂಗ್ ಫಂಡ್ 8,000 (ಮಾ): ರಸೀದಿ ಕೇಳಬೇಕು.*

*ತಾರೀಕು: ಅರ್ಜಿಯ ಕೊನೆ ದಿನ, ವಾಪಸಾತಿ ಕೇಳಬೇಕು. ಸೆಪ್ಟೆಂಬರ್ ಕಂತು ಡಿಸೆಂಬರಿಗೆ ಆಗುತ್ತದಾ?*

*ಕಾಗದ: ಜನನ ಪ್ರಮಾಣಪತ್ರ, ಫೋಟೋ ಈಗ. ಜಾತಿ-ಆದಾಯಕ್ಕೆ ಈ ವಾರವೇ ನಾಡಕಚೇರಿ.*

ಇದನ್ನು ಇಟ್ಟುಕೊಂಡು ಇನ್ನೊಮ್ಮೆ ಫೋನ್ ಮಾಡಬೇಕು. ಈ ಸಲ ಕೇಳುವುದಕ್ಕಿಂತ ಓದಿ ಹೇಳುವುದೇ ಹೆಚ್ಚು: "ಮೇಡಂ, ನಾವು ಹೀಗೆ ಬರ್ಕೊಂಡಿದೀವಿ, ಸರಿ ಇದೆಯಾ ನೋಡ್ರೀ." ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಮೊದಲ ಕರೆಯಲ್ಲಿ ಸಡಿಲವಾಗಿ ಮಾತಾಡಿದವರು ಓದಿ ಹೇಳಿದಾಗ ಎಚ್ಚರವಾಗುತ್ತಾರೆ; "ಅದು ಕಡ್ಡಾಯ ಏನಲ್ಲ ಸಾರ್" ಎಂದು ಬಿಲ್ಡಿಂಗ್ ಫಂಡಿನ ಬಗ್ಗೆ ಹೇಳಿದರೆ ಅದನ್ನೂ ತಾರೀಕು ಹಾಕಿ ಬರೆದುಕೊಳ್ಳಿ. ಫೀಸಿನ ಪಟ್ಟಿಯನ್ನು ವಾಟ್ಸ್ಯಾಪ್ ಮಾಡಿ ಎಂದು ಕೇಳುವುದು ಇದೇ ಕರೆಯಲ್ಲಿ. ಶಾಲೆಗೆ ಯಾವ ಪಠ್ಯಕ್ರಮಕ್ಕೆ, ಯಾವ ಮಾಧ್ಯಮಕ್ಕೆ, ಎಷ್ಟನೇ ತರಗತಿವರೆಗೆ ಮಾನ್ಯತೆ ಇದೆ ಎಂದೂ ಕೇಳಿ. ಬೋರ್ಡಿನ ಮೇಲೆ ಸಿಬಿಎಸ್‌ಇ ಎಂದಿದ್ದು ಪರವಾನಗಿ ರಾಜ್ಯ ಪಠ್ಯಕ್ರಮದ್ದಾಗಿದ್ದ ಶಾಲೆಗಳ ಗಲಾಟೆಯನ್ನು ರಾಜ್ಯ ಈಗಾಗಲೇ ನೋಡಿದೆ.

ಉತ್ತರ ಸಿಗದಿದ್ದರೆ, ಅಥವಾ ಸಿಕ್ಕ ಉತ್ತರ ನಿಯಮಕ್ಕೆ ವಿರುದ್ಧವಿದ್ದರೆ, ಇದೇ ಹಾಳೆ ಹಿಡಿದು ಬಿಇಒ ಕಚೇರಿಗೆ ಹೋಗಬಹುದು. ನಿಮ್ಮ ಊರು ಯಾವ ತಾಲ್ಲೂಕಿನದು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಶಾಲೆ ಎಲ್ಲಿದೆ ಎಂಬುದು ಬರುತ್ತದೆ. ಹರಿಹರದ ಶಾಲೆಯಾದರೆ ಹರಿಹರದ ಬಿಇಒ. ದಾವಣಗೆರೆ ನಗರದ ಶಾಲೆಯಾದರೆ ಅದು ಉತ್ತರ ವಲಯಕ್ಕೆ ಸೇರಿದ್ದೋ ದಕ್ಷಿಣ ವಲಯಕ್ಕೋ ಎಂದು ಮೊದಲು ತಿಳಿದುಕೊಳ್ಳಿ.

ಮನೆಯಲ್ಲಿ ಇನ್ನೂ ಚಿಕ್ಕ ಮಗು ಇರುವವರಿಗೆ ಒಂದು ಮಾತು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ, ತಿದ್ದುಪಡಿಯಾದ ಜನನ-ಮರಣ ನೋಂದಣಿ ಕಾಯ್ದೆಯ ಪ್ರಕಾರ, ಶಾಲೆಗೆ ಸೇರುವಾಗ ಹುಟ್ಟಿದ ದಿನಕ್ಕೆ ಪುರಾವೆ ಜನನ ಪ್ರಮಾಣಪತ್ರವೇ. ಆಸ್ಪತ್ರೆಯಲ್ಲಿ ಹೆಸರಿಡುವ ಮೊದಲೇ ನೋಂದಣಿಯಾಗಿರುವುದರಿಂದ ಬಹಳ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಬೀರುವಿನಲ್ಲಿರುವ ಪ್ರಮಾಣಪತ್ರವನ್ನು ಇವತ್ತೇ ತೆಗೆದು ಆ ಜಾಗ ನೋಡಿ.